ಅಪ್ಪನಿಗೆ ತೋರಿಸೋಕೆ ರಜೆ ಮೇಲನ್ನ ಕನ್ನಡಕ್ಕೆ ಇಳಿಸಿದೆ, ಈಗ ಇಂಗ್ಲಿಷೇ ತಪ್ಪು ಅನ್ನಿಸ್ತಿದೆ

ಸಾಗರದ_ಸುಬ್ಬ | ಅಕ್ಟೋಬರ್ 24, ರಾತ್ರಿ 10:40

ನಮಸ್ಕಾರ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದೀನಿ, ಅಪ್ಪ ಅಮ್ಮ ಸಾಗರದಲ್ಲಿ. ಅಮ್ಮನ ಬಲಗಣ್ಣಿಗೆ ಪೊರೆ ಬಂದಿದೆ. ನವೆಂಬರ್ 11ರ ಮಂಗಳವಾರ ಶಿವಮೊಗ್ಗದಲ್ಲಿ ಆಪರೇಷನ್.

ಇದು ಆಗಸ್ಟಿನಲ್ಲೇ ಆಗಿ ಮುಗೀಬೇಕಿತ್ತು. ಆಗ ನಾನು ಫೋನಲ್ಲಿ "ರಜೆ ಹೇಳಿದೀನಿ, ಬಂದೇ ಬರ್ತೀನಿ" ಅಂದು, ಹಿಂದಿನ ರಾತ್ರಿ "ಆಗಲ್ಲ" ಅಂದುಬಿಟ್ಟೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಈ ಸಲ ಒಂದೇ ಮಾತು ಅವರದ್ದು: "ಬಾಯಿಮಾತು ಬೇಡ, ಅರ್ಜಿಯ ಪ್ರತಿ ಕಳಿಸು." ಇಂಗ್ಲಿಷನ್ನ ಅಕ್ಷರ ಕೂಡಿಸಿ ಓದ್ತಾರೆ, ಆದರೆ ಮೇಲ್‌ಗಳ ಇಂಗ್ಲಿಷ್ ಅವರಿಗೆ ಹತ್ತಲ್ಲ. ಹಾಗಾಗಿ ಇಂಗ್ಲಿಷ್ ಒಂದು ಕಡೆ, ಅದೇ ಸಾಲು ಕನ್ನಡದಲ್ಲಿ ಇನ್ನೊಂದು ಕಡೆ ಅಂತ ಮಾಡಿದೆ. ಮ್ಯಾನೇಜರ್ ಹೆಸರು ತೆಗೆದಿದೀನಿ. ಇನ್ನೂ ಕಳಿಸಿಲ್ಲ.

```
Subject: Leave from 10/11 to 18/11

Hi R,
I will be out of station from 10/11 to 18/11
due to a medical issue at home.
I will be reachable on phone for anything urgent.
Kindly do the needful.
```

ಕನ್ನಡದ್ದು:

"ಮಾನ್ಯರೇ, ಮನೆಯಲ್ಲಿ ಆರೋಗ್ಯದ ಸಮಸ್ಯೆ ಇರುವುದರಿಂದ ನಾನು 10/11ರಿಂದ 18/11ರವರೆಗೆ ಊರಲ್ಲಿ ಇರುವುದಿಲ್ಲ. ಏನಾದರೂ ತುರ್ತು ಇದ್ದರೆ ಫೋನಿನಲ್ಲಿ ಸಿಗುತ್ತೇನೆ. ದಯವಿಟ್ಟು ಮುಂದಿನ ಕ್ರಮ ಕೈಗೊಳ್ಳಿ."

ವಾಟ್ಸಾಪಲ್ಲಿ ಕಳಿಸಿ ಐದು ನಿಮಿಷ ಆಗಿಲ್ಲ, ಫೋನ್ ಬಂತು. "ಊರಲ್ಲಿ ಇರುವುದಿಲ್ಲ ಅಂದ್ರೆ ಏನೋ? ಮತ್ತೆ ಬರಲ್ವಾ?"

ಅವರಿಗೆ ಊರು ಅಂದ್ರೆ ಸಾಗರ! ನಾನು ಊರಲ್ಲಿ ಇರಲ್ಲ ಅಂತ ಬರೆದರೆ ಅವರು ಇನ್ನೇನು ತಿಳ್ಕೋಬೇಕು. ಆಮೇಲೆ ಇನ್ನೂ ಮೂರು ಪ್ರಶ್ನೆ: 18ಕ್ಕೆ ಇಲ್ಲಿರ್ತೀಯೋ ಅಥವಾ 17ರ ರಾತ್ರಿ ರೈಲು ಹತ್ತುತೀಯೋ? ಆಪರೇಷನ್ ನಡೀವಾಗ ಫೋನ್ ಬಂದ್ರೆ ಎದ್ದು ಹೋಗ್ತೀಯೋ? ಇದು ರಜೆ ಅರ್ಜಿಯೋ, ಅವರಿಗೆ ಕೊಟ್ಟ ನೋಟೀಸೋ? ಒಂದಕ್ಕೂ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ಕನ್ನಡದ್ದನ್ನ ಮಾತ್ರ ತಿದ್ದಲಾ, ಇಂಗ್ಲಿಷನ್ನೂ ಬಿಚ್ಚಿ ಬರೀಲಾ?

---

ಕಡತದ_ಕಾಕಾ | ಅಕ್ಟೋಬರ್ 24, ರಾತ್ರಿ 11:15

ನಿಮ್ಮ ತಂದೆಯವರ ಆಕ್ಷೇಪಣೆ ಸಂಪೂರ್ಣ ಸರಿ. ಇದು ಅರ್ಜಿಯೇ ಅಲ್ಲ. ನಾನೂ ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಇದ್ದವನು. ರಜೆ ಅರ್ಜಿ ಎಂದರೆ ಇಂದ, ಗೆ, ಮಾನ್ಯರೇ, ವಿಷಯ ಇರಬೇಕು. ಒಕ್ಕಣೆ ಹೀಗೆ: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ತಾಯಿಯವರ ಶಸ್ತ್ರಚಿಕಿತ್ಸೆಯ ನಿಮಿತ್ತ ದಿನಾಂಕ 10ರಿಂದ 18ರವರೆಗೆ ಒಟ್ಟು ಒಂಬತ್ತು ದಿನಗಳ ಗಳಿಕೆ ರಜೆಯನ್ನು ಮಂಜೂರು ಮಾಡಿ, ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕಾಗಿ ಕೋರುತ್ತೇನೆ." ಕೊನೆಗೆ ಇತಿ ತಮ್ಮ ವಿಧೇಯ, ಸಹಿ, ಸ್ಥಳ, ದಿನಾಂಕ.

ಕೇಂದ್ರಸ್ಥಾನದ ಮಾತು ಬಿಟ್ಟಿರುವುದು ದೊಡ್ಡ ಲೋಪ. ನಿಮ್ಮ ಇಂಗ್ಲಿಷಿನ "ಔಟ್ ಆಫ್ ಸ್ಟೇಷನ್" ಬಂದಿರುವುದು ಅಲ್ಲಿಂದಲೇ. ನೌಕರ ಕೆಲಸದ ಸ್ಥಳ ಬಿಟ್ಟು ಹೋಗುತ್ತಾನೆ ಎಂದು ಅರ್ಥ. ಅದಕ್ಕೆ "ಊರಲ್ಲಿ ಇರುವುದಿಲ್ಲ" ಎಂದು ಬರೆದರೆ ಯಾವ ತಂದೆಗೂ ಗಾಬರಿಯಾಗುತ್ತದೆ.

---

ಪದ್ಮಾ_ವೈಟ್‌ಫೀಲ್ಡ್ | ಅಕ್ಟೋಬರ್ 25, ಬೆಳಿಗ್ಗೆ 7:50

ಕಾಕಾ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೇಂದ್ರಸ್ಥಾನ ಬಿಡೋಕೆ ಯಾರ ಅನುಮತಿನೂ ಬೇಡ. ರಜೆ ಹಾಕಿ ಮನೇಲೇ ಮಲಗಿದ್ರೂ ಅಷ್ಟೇ, ಕಾಶಿಗೆ ಹೋದ್ರೂ ಅಷ್ಟೇ. ಹಾಗಾಗಿ ಆ ಸಾಲು ಎರಡೂ ಭಾಷೆಯಲ್ಲಿ ಹೋಗಲಿ.

ನಾನು ಹದಿನಾಲ್ಕು ಜನರ ತಂಡಕ್ಕೆ ಮ್ಯಾನೇಜರ್. ದಿನಕ್ಕೆ ಇಂಥ ಒಂದಾದ್ರೂ ಮೇಲ್ ಓದ್ತೀನಿ. ಸುಬ್ಬ, ನಿಮ್ಮಪ್ಪ ಕೇಳಿದ ಪ್ರಶ್ನೆಗಳನ್ನೇ ನಾನೂ ಕೇಳ್ತಿದ್ದೆ. ವ್ಯತ್ಯಾಸ ಇಷ್ಟೇ, ನಾನು ಕೇಳದೆ ಊಹೆ ಮಾಡಿಬಿಡ್ತೀನಿ, ಆ ಊಹೆ ತಪ್ಪಿದಾಗ ನಿಮಗೆ ಆಸ್ಪತ್ರೆ ಕಾರಿಡಾರಲ್ಲಿ ಫೋನ್ ಬರತ್ತೆ.

ನಿಮ್ಮ ಮೇಲ್ ಓದಿದ್ರೆ ನನಗೆ ಗೊತ್ತಾಗೋದು ಇಷ್ಟು. ಒಂಬತ್ತು ದಿನ ಇರಲ್ಲ, ಆದ್ರೆ ಫೋನ್ ಮಾಡಿದ್ರೆ ಸಿಗ್ತಾನೆ. ಅಂದ್ರೆ ಅವನ ಕೆಲಸವನ್ನ ಬೇರೆಯವರಿಗೆ ವಹಿಸೋ ಅಗತ್ಯ ಇಲ್ಲ. ನೀವು ಸೌಜನ್ಯಕ್ಕೆ ಬರೆದ ಆ ಒಂದು ಸಾಲು ಉಳಿದಿದ್ದನ್ನೆಲ್ಲ ಅಳಿಸಿಹಾಕತ್ತೆ. ಆಗಸ್ಟಿನ ಮೇಲ್‌ನಲ್ಲೂ ಇದೇ ಸಾಲು ಇತ್ತಾ?

ಇನ್ನೊಂದು, ಮೇಲ್ ಬರೆದ್ರೆ ರಜೆ ಹಾಕಿದ ಹಾಗಲ್ಲ. ಪೋರ್ಟಲಲ್ಲಿ ಹಾಕಿದ್ದೇ ಲೆಕ್ಕ. ಮೇಲ್ ಇರೋದು ಪೋರ್ಟಲಲ್ಲಿ ಬರೆಯೋಕೆ ಜಾಗ ಇಲ್ಲದ ವಿಷಯ ಹೇಳೋಕೆ: ಯಾಕೆ, ನಿನ್ನ ಕೆಲಸ ಯಾರು ನೋಡ್ತಾರೆ, ಯಾವಾಗ ಸಿಗ್ತೀಯ, ದಿನ ಬದಲಾದ್ರೆ ಏನು.

---

ಸಾಗರದ_ಸುಬ್ಬ | ಅಕ್ಟೋಬರ್ 25, ಬೆಳಿಗ್ಗೆ 8:30

ಆಗಸ್ಟಿನ ಮೇಲ್ ತೆಗೆದು ನೋಡಿದೆ. ಇದೇ ಸಾಲು, ಒಂದು ಅಕ್ಷರವೂ ಬದಲಾಗಿಲ್ಲ. ಅವತ್ತು ಸಂಜೆ ಫೋನ್ ಬಂತು, "ನಾಳೆ ಬೆಳಿಗ್ಗೆ ಒಂದು ಗಂಟೆ ಇರ್ತೀಯಲ್ಲ" ಅಂದ್ರು, ಹೂಂ ಅಂದೆ. ಆ ಒಂದು ಗಂಟೆಗೋಸ್ಕರ ರಾತ್ರಿ ರೈಲು ಬಿಟ್ಟೆ. ಇಷ್ಟು ದಿನ ಮ್ಯಾನೇಜರನ್ನ ಬೈಕೊಂಡಿದ್ದೆ.

---

ಮಂಡ್ಯ_ಮಾದೇಶ | ಅಕ್ಟೋಬರ್ 25, ಬೆಳಿಗ್ಗೆ 9:05

ಗುರು, ಒಂಬತ್ತು ದಿನ ಯಾಕ್ ಆಯ್ತದೆ? ಮಧ್ಯ ಶನಿವಾರ ಭಾನುವಾರ ಐತಲ್ಲ. ವಾರದ ರಜಾನ ರಜೆ ಲೆಕ್ಕಕ್ಕೆ ಸೇರಿಸೋ ಹಂಗೇ ಇಲ್ಲ, ಕಾನೂನಿದೆ. ಯಾವ ಕಂಪನಿನೂ ಕಟ್ ಮಾಡಂಗಿಲ್ಲ. ಏಳೇ ದಿನ.

---

ಪದ್ಮಾ_ವೈಟ್‌ಫೀಲ್ಡ್ | ಅಕ್ಟೋಬರ್ 25, ಬೆಳಿಗ್ಗೆ 9:40

ಮಾದೇಶ ಅವರೇ, ಸೋಮವಾರದಿಂದ ಮುಂದಿನ ಮಂಗಳವಾರದವರೆಗೆ ಕೆಲಸದ ದಿನ ಏಳು, ಅದು ಸರಿ. ಆದ್ರೆ "ಸ್ಯಾಂಡ್‌ವಿಚ್" ಅಂತ ನಿಯಮ ಇಟ್ಕೊಂಡಿರೋ ಕಂಪನಿಗಳು ಬೇಕಾದಷ್ಟಿವೆ. ಶುಕ್ರವಾರವೂ ಸೋಮವಾರವೂ ರಜೆ ಹಾಕಿದ್ರೆ ನಡುವಿನ ಎರಡು ದಿನವೂ ಖಾತೆಯಿಂದ ಹೋಗತ್ತೆ. ನಮ್ಮಲ್ಲಿ ಇಲ್ಲ, ನನ್ನ ಗಂಡನ ಕಂಪನಿಯಲ್ಲಿದೆ. ಪೋರ್ಟಲಲ್ಲಿ ದಿನಾಂಕ ಹಾಕಿದ ಕೂಡಲೇ ಎಷ್ಟು ದಿನ ಅಂತ ಅದೇ ತೋರಿಸತ್ತೆ, ಸಲ್ಲಿಸೋ ಮುಂಚೆ ಅದನ್ನ ನೋಡಿ.

---

ಕಡತದ_ಕಾಕಾ | ಅಕ್ಟೋಬರ್ 25, ಬೆಳಿಗ್ಗೆ 10:10

ನಮ್ಮಲ್ಲಿ ಅದಕ್ಕೂ ಒಂದು ಒಕ್ಕಣೆ ಇತ್ತು. "ರಜೆಯ ಹಿಂದೆ ಮುಂದೆ ಬರುವ ಸಾರ್ವತ್ರಿಕ ರಜೆಗಳನ್ನು ಬಳಸಿಕೊಳ್ಳಲು ಅನುಮತಿ ಕೋರುತ್ತೇನೆ" ಎಂದು. ನಡುವೆ ಬರುವ ರಜೆಗಳಿಗೆ ಈಗ ಹೊಸ ಹೆಸರು, ಸ್ಯಾಂಡ್‌ವಿಚ್ ಅಂತೆ. ನಮ್ಮ ಕಾಲದಲ್ಲಿ ಸಾಂದರ್ಭಿಕ ರಜೆ ವರ್ಷಕ್ಕೆ 15 ಇತ್ತು. 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟು ಅದನ್ನು 10ಕ್ಕೆ ಇಳಿಸಿದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದು ಎಲ್ಲ ಕಡೆಯೂ ಇರುವುದೇ.

---

ರೂಪಾ_ಹೊಳೆನರಸೀಪುರ | ಅಕ್ಟೋಬರ್ 25, ಮಧ್ಯಾಹ್ನ 12:30

ನನಗೂ ಇದೇ ಬೇಕಿತ್ತು! ನನ್ನ ಮಗ ಎರಡನೇ ಕ್ಲಾಸು, ಮೂರು ದಿನ ಜ್ವರ. ಶಾಲೆಗೆ ರಜೆ ಚೀಟಿ ಕನ್ನಡದಲ್ಲಿ, ಇಂಗ್ಲಿಷಲ್ಲಿ ಎರಡರಲ್ಲೂ ಕೊಡಿ ಅಂತಿದಾರೆ. ಯಾರಾದ್ರೂ ಮಾದರಿ ಹಾಕ್ತೀರಾ ಪ್ಲೀಸ್.

---

ಕಡತದ_ಕಾಕಾ | ಅಕ್ಟೋಬರ್ 25, ಮಧ್ಯಾಹ್ನ 12:45

ಇಲ್ಲಿನ ವಿಷಯ ಬೇರೆ ಅಮ್ಮಾ. ಆದರೂ ಕೇಳಿದಿರಿ. "ಮುಖ್ಯೋಪಾಧ್ಯಾಯರಿಗೆ, ಮಾನ್ಯರೇ, ನನ್ನ ಮಗನಿಗೆ ಜ್ವರ ಬಂದಿದ್ದರಿಂದ ಇಂತಹ ದಿನದಿಂದ ಇಂತಹ ದಿನದವರೆಗೆ ಶಾಲೆಗೆ ಬರಲಾಗಲಿಲ್ಲ. ದಯವಿಟ್ಟು ಈ ಮೂರು ದಿನಗಳ ರಜೆಯನ್ನು ಮನ್ನಿಸಬೇಕಾಗಿ ಕೋರುತ್ತೇನೆ." ಇಂಗ್ಲಿಷಿನದ್ದನ್ನು ಇಲ್ಲಿ ಯಾರಾದರೂ ಹುಡುಗರು ಬರೆದುಕೊಡಲಿ.

---

ಕಣ್ಣಾಸ್ಪತ್ರೆ_ಕೌಂಟರ್ | ಅಕ್ಟೋಬರ್ 25, ಮಧ್ಯಾಹ್ನ 2:20

ನಾನು ಕಣ್ಣಾಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ರೋಗಿಗಳ ಕಡೆಯವರ ಜೊತೆ ಮಾತಾಡೋ ಕೆಲಸದಲ್ಲಿದೀನಿ. ಭಾಷೆ ವಿಚಾರ ನನಗೆ ಬೇಡ. 10ರಿಂದ 18 ಅಂತ ಒಟ್ಟಿಗೆ ಯಾಕೆ ಹಾಕಿದೀರಿ ಅಂತ ಮಾತ್ರ ಕೇಳ್ತೀನಿ.

ಪೊರೆ ಆಪರೇಷನ್ ಸಾಮಾನ್ಯವಾಗಿ ಅರ್ಧ ಗಂಟೆ ಒಳಗಿನ ಕೆಲಸ, ಅವತ್ತೇ ಮನೆಗೆ ಕಳಿಸ್ತೀವಿ. ಮಾರನೇ ದಿನ ಬಂದು ಪಟ್ಟಿ ಬಿಚ್ಚಿಸಿ ತೋರಿಸ್ಬೇಕು. ಆಮೇಲೆ ವಾರಕ್ಕೆ ಒಂದು ತಪಾಸಣೆ. ಸಾಗರದಿಂದ ಶಿವಮೊಗ್ಗ ಎಪ್ಪತ್ತು ಕಿಲೋಮೀಟರ್ ಹತ್ತಿರ, ಹಾಗಾಗಿ 11ರ ರಾತ್ರಿ ಶಿವಮೊಗ್ಗದಲ್ಲೇ ಉಳಿದ್ರೆ ಅಮ್ಮನಿಗೆ ಓಡಾಟ ತಪ್ಪತ್ತೆ. ಜೊತೆಗೊಬ್ಬರು ಬೇಕೇ ಬೇಕು ಅನ್ನೋದು 11, 12, ಮತ್ತೆ ವಾರದ ತಪಾಸಣೆಯ ದಿನ.

ಇವುಗಳ ನಡುವೆ ಇರೋ ಕೆಲಸ ಕಣ್ಣಿಗೆ ಹನಿ ಹಾಕೋದು. ಸಾಮಾನ್ಯವಾಗಿ ಎರಡು ಥರದ ಹನಿ ಇರತ್ತೆ, ಒಂದು ಹಾಕಿ ಐದು ಹತ್ತು ನಿಮಿಷ ಬಿಟ್ಟು ಇನ್ನೊಂದು. ಒಂದನ್ನ ವಾರವಾರಕ್ಕೂ ಕಡಿಮೆ ಮಾಡ್ತಾ ಹೋಗ್ಬೇಕು, ಹೆಚ್ಚುಕಮ್ಮಿ ತಿಂಗಳು ಒಂದೂವರೆ ತಿಂಗಳು. ಅಷ್ಟು ದಿನ ನೀವು ಇರೋಕಾಗಲ್ಲ. ಹಾಗಾಗಿ 13ನೇ ತಾರೀಖು ಅಪ್ಪನಿಗೆ ಹನಿ ಹಾಕೋದು ಕಲಿಸೋಕೆ ಇಟ್ಕೊಳ್ಳಿ. ಕೈ ತೊಳೆಯೋದು, ಬಾಟ್ಲಿ ತುದಿ ಕಣ್ಣಿಗೆ ತಾಗಿಸದೆ ಇರೋದು, ಕೆಳರೆಪ್ಪೆ ಎಳೆದು ಒಂದೇ ಹನಿ. ಒಂದು ದಿನ ನಿಮ್ಮೆದುರಿಗೆ ಹಾಕಿದ್ರೆ ಆಮೇಲೆ ಅವರೇ ಹಾಕ್ತಾರೆ.

ಇನ್ನೊಂದು ವಿಷಯ, ಯಾರೂ ಮೇಲಲ್ಲಿ ಬರೆಯಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ಯಾ? ಅವತ್ತು ಬೆಳಿಗ್ಗೆ ನೋಡಿದಾಗ ಜಾಸ್ತಿ ಇದ್ರೆ ಡಾಕ್ಟರ್ ಮುಂದಕ್ಕೆ ಹಾಕ್ತಾರೆ. ಎರಡು ದಿನ ಆಗಬಹುದು, ವಾರವೂ ಆಗಬಹುದು. ಆಗ ನಿಮ್ಮ ರಜೆ ಏನಾಗತ್ತೆ?

---

ಸಾಗರದ_ಸುಬ್ಬ | ಅಕ್ಟೋಬರ್ 25, ಮಧ್ಯಾಹ್ನ 3:00

ಸಕ್ಕರೆ ಇದೆ, ಮಾತ್ರೆಯಲ್ಲಿದೆ. ಮುಂದಕ್ಕೆ ಹೋಗಬಹುದು ಅನ್ನೋದು ನನ್ನ ತಲೆಗೇ ಬಂದಿರಲಿಲ್ಲ. 18ನೇ ತಾರೀಖು ಹಾಕಿದ್ದು ವಾರದ ತಪಾಸಣೆ ಅವತ್ತಿದೆ ಅಂತ. ನಡುವಿನದ್ದೆಲ್ಲ ಸುಮ್ಮನೆ ಸೇರಿಸಿದ್ದೆ.

---

ಹುಬ್ಬಳ್ಳಿ_ಟು_ಹ್ಯೂಸ್ಟನ್ | ಅಕ್ಟೋಬರ್ 25, ರಾತ್ರಿ 8:15

ನಂದೂ ಒಂದ್ ಕಥಿ ಕೇಳ್ರಿ. ನಮ್ಮ ಅಪ್ಪಾರ ಮೊಣಕಾಲ್ ಆಪರೇಷನ್‌ಗೆ ಅಂತ ಹೋದ ವರ್ಷ ರಜಾ ಕೇಳಿದ್ದೆ. ನಿಮ್ಮಂಗ 10/11 ಅಂತ ಬರದಿದ್ದೆ. ಇಲ್ಲಿ ಅಮೆರಿಕದಾಗ ತಿಂಗಳಾ ಮೊದಲು ಬರೀತಾರ. ನಮ್ಮ ಮ್ಯಾನೇಜರ್ ಅದನ್ನ ಅಕ್ಟೋಬರ್ 11 ಅಂತ ಓದಿ, ಅಕ್ಟೋಬರ್‌ದಾಗ ನನ್ನ ಕೆಲಸಾ ಬ್ಯಾರೆಯವ್ರಿಗೆ ಕೊಟ್ಟು, ನವೆಂಬರ್‌ದಾಗ ನನ್ನ ಹೆಸರಿಗೇ ಎಲ್ಲಾ ಹಾಕಿ ಕುಂತಿದ್ದ. ಟಿಕೆಟ್ ತಗೊಂಡಿದ್ದೆ ನಾನು!

ತಿಂಗಳಾ ಅಕ್ಷರದಾಗ ಬರೀರಿ, ವಾರಾನೂ ಬರೀರಿ. ಸೋಮವಾರ 10 ನವೆಂಬರ್ ಅಂದ್ರ ಭೂಮಿ ಮ್ಯಾಲಿನ ಯಾವ ಮನಶ್ಯಾನೂ ತಪ್ಪ ಓದಂಗಿಲ್ಲ. ವಾರ ಬರದ್ರ ಇನ್ನೊಂದ್ ಲಾಭ ಐತಿ, ನೀವ ತಾರೀಖ್ ತಪ್ಪ ಹಾಕಿದ್ರ ಅದು ಸಿಕ್ಕಬೀಳ್ತದ.

ಮತ್ತ ಆ ಕೊನೀ ಸಾಲು, "ಡೂ ದಿ ನೀಡ್‌ಫುಲ್". ಇಲ್ಲಿಯವ್ರು ನನ್ನ ಕೇಳಿದ್ರು, ಏನ್ ಮಾಡ್ಬೇಕು ಅಂತ. ನನಗೂ ಗೊತ್ತಿರಲಿಲ್ಲ!

---

ಕಡತದ_ಕಾಕಾ | ಅಕ್ಟೋಬರ್ 25, ರಾತ್ರಿ 8:40

ಅದು "ಅಗತ್ಯ ಕ್ರಮ ಜರುಗಿಸಲು ಕೋರಿದೆ" ಎಂಬುದರ ಇಂಗ್ಲಿಷ್. ಕಚೇರಿಯಲ್ಲಿ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿರುತ್ತಿದ್ದರಿಂದ ನಡೆಯುತ್ತಿತ್ತು. ಆದರೆ ಸುಬ್ಬನವರ ಕನ್ನಡದಲ್ಲಿ "ಮುಂದಿನ ಕ್ರಮ ಕೈಗೊಳ್ಳಿ" ಎಂದಿರುವುದು ಪೊಲೀಸ್ ಠಾಣೆಗೆ ಕೊಟ್ಟ ದೂರಿನಂತಿದೆ. ಇದನ್ನು ಒಪ್ಪುತ್ತೇನೆ, ತೆಗೆಯಿರಿ.

ಆದರೆ "ಮಂಜೂರು ಮಾಡಬೇಕಾಗಿ ಕೋರಿಕೆ" ಇರಲೇಬೇಕು. ಇಲ್ಲದಿದ್ದರೆ ಅದು ಅರ್ಜಿಯಲ್ಲ.

---

ಪದ್ಮಾ_ವೈಟ್‌ಫೀಲ್ಡ್ | ಅಕ್ಟೋಬರ್ 25, ರಾತ್ರಿ 9:30

ಇಲ್ಲಿ ಕಾಕಾ ಹೇಳೋದ್ರಲ್ಲಿ ಒಂದು ಸತ್ಯ ಇದೆ. "ಐ ವಿಲ್ ಬಿ" ಅಂತ ಬರೆದ್ರೆ ನಿರ್ಧಾರ ಆಗಿಹೋಗಿದೆ ಅಂತ. ಒಂದು ದಿನದ ರಜೆಗೆ ನಾವೆಲ್ಲ ಹಾಗೇ ಬರೆಯೋದು, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ಐದಾರು ದಿನದ್ದಕ್ಕೆ, ಅದರಲ್ಲೂ ನಡುವೆ ಸಾಫ್ಟ್‌ವೇರ್ ಬಿಡುಗಡೆ ಏನಾದ್ರೂ ಇದ್ರೆ, "ಐ ವುಡ್ ಲೈಕ್ ಟು ಟೇಕ್" ಅನ್ನೋದು ಸರಿ. ಅದರಲ್ಲಿ ಕೇಳಿದ್ದೂ ಇದೆ, ದೈನ್ಯ ಇಲ್ಲ.

ಕನ್ನಡದಲ್ಲಿ ಅದಕ್ಕೆ "ರಜೆ ತೆಗೆದುಕೊಳ್ಳಲು ಇಷ್ಟಪಡುತ್ತೇನೆ" ಅಂತ ಬರೆದ್ರೆ ನಗ್ತಾರೆ, ಜಾತ್ರೆಗೆ ಹೊರಟ ಹಾಗಿರತ್ತೆ. "ರಜೆ ಬೇಕಾಗಿದೆ" ಅಂತ ಹಾಕಿ. ಅಪ್ಪನಿಗೆ ಅದು ಒರಟು ಅನ್ನಿಸಿದ್ರೆ "ರಜೆ ಕೋರುತ್ತೇನೆ". ಎರಡೂ ಇಂಗ್ಲಿಷಿಗೆ ದೂರ ಅಲ್ಲ.

ಈಗ ಫೋನಿನ ಸಾಲಿಗೆ ಬನ್ನಿ. ಅದನ್ನ ದಿನಕ್ಕೆ ಕಟ್ಟಿಹಾಕಿ. 11, 12 ಸಿಗಲ್ಲ ಅಂತ ಬರೀರಿ. ಉಳಿದ ರಜೆ ದಿನ ಸಂಜೆ ಏಳರ ಮೇಲೆ ಮೆಸೇಜ್ ನೋಡ್ತೀನಿ ಅಂತ. ಸಿಗಲ್ಲ ಅಂತ ಬರೆಯೋಕೆ ನಮ್ಮ ಹುಡುಗರಿಗೆ ಯಾಕಷ್ಟು ಭಯವೋ ನನಗೆ ಗೊತ್ತಿಲ್ಲ. ಸಿಗಲ್ಲ ಅಂದವರ ಕೆಲಸವನ್ನ ನಾನು ಮುಂಚೆನೇ ಬೇರೆಯವರಿಗೆ ಹಂಚಿರ್ತೀನಿ, ಸಿಗ್ತೀನಿ ಅಂದವರಿಗೆ ಫೋನ್ ಮಾಡ್ತೀನಿ.

---

ಮಂಡ್ಯ_ಮಾದೇಶ | ಅಕ್ಟೋಬರ್ 25, ರಾತ್ರಿ 9:50

ನಿಮ್ಮಂಥ ಮ್ಯಾನೇಜರ್ ಎಲ್ರಿಗೂ ಸಿಗಲ್ಲ ಮೇಡಂ. ನಮ್ಮವರಿಗೆ ಸಿಗಲ್ಲ ಅಂತ ಬರೆದ್ರೆ ಅಪ್ರೈಸಲ್‌ನಲ್ಲಿ ಎತ್ತಿ ತೋರಿಸ್ತಾರೆ. ಇನ್ನೊಂದು, ಕಾಯಿಲೆ ಹೆಸರೆಲ್ಲ ಬರೀಬೇಡಿ. ಮನೆ ವಿಷಯ ಅವರಿಗ್ಯಾಕೆ. ಪರ್ಸನಲ್ ರೀಸನ್ ಅಂದ್ರೆ ಸಾಕು.

---

ಪದ್ಮಾ_ವೈಟ್‌ಫೀಲ್ಡ್ | ಅಕ್ಟೋಬರ್ 25, ರಾತ್ರಿ 10:05

ಮೊದಲನೇ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಎರಡನೇದು, ಬರೆಯೋದು ಬಿಡೋದು ಅವರಿಷ್ಟ, ನಾನು ಯಾವತ್ತೂ ಕೇಳಲ್ಲ. ಆದ್ರೆ "ಮೆಡಿಕಲ್ ಇಶ್ಯೂ" ಅನ್ನೋದು ಎರಡೂ ಕಡೆ ಸಲ್ಲದ ಮಾತು. ಗುಟ್ಟೂ ಉಳಿಯಲ್ಲ, ವಿಷಯವೂ ತಿಳಿಯಲ್ಲ. ಯಾರಿಗೆ, ಎಷ್ಟು ಗಂಭೀರ ಅಂತ ಗೊತ್ತಾಗದೆ ಎಲ್ಲರೂ ಬಂದು ವಿಚಾರಿಸ್ತಾರೆ.

---

ಸಾಗರದ_ಸುಬ್ಬ | ಅಕ್ಟೋಬರ್ 26, ಬೆಳಿಗ್ಗೆ 11:20

ಅಮ್ಮನನ್ನೇ ಕೇಳಿದೆ. "ಬರೀ ಆಪರೇಷನ್ ಅಂತ ಬರೆದ್ರೆ ಏನೋ ದೊಡ್ಡದು ಅಂದ್ಕೋತಾರೆ. ಪೊರೆ ಅಂತಲೇ ಬರಿ, ಎಲ್ಲರಿಗೂ ಬರೋದೇ" ಅಂದ್ರು. ಅಪ್ಪನಿಗೆ ಮನಸ್ಸಿಲ್ಲ, ಆದ್ರೆ ಕಣ್ಣು ಅಮ್ಮನದ್ದು.

ನಿನ್ನೆ ರಾತ್ರಿ ಮೊದಲು ಕನ್ನಡದಲ್ಲಿ ಬರೆದೆ, ಅಪ್ಪನಿಗೆ ಓದಿ ಹೇಳಿದೆ, ಅವರು ಎಲ್ಲೆಲ್ಲಿ "ಅಂದ್ರೆ?" ಅಂದ್ರೋ ಅಲ್ಲೆಲ್ಲ ತಿದ್ದಿದೆ. ಆಮೇಲೆ ಇಂಗ್ಲಿಷ್ ಮಾಡಿದೆ. ಈಗ ಇದು:

```
Subject: Leave: Mon 10 to Thu 13 Nov, and Tue 18 Nov

Hi R,
My mother has cataract surgery in Shivamogga on
Tuesday, 11 November. I would like to take leave on:
  Mon 10 to Thu 13 November (4 days)
  Tue 18 November (1 day, follow-up visit)
If you agree, I will work from my parents' home
on Fri 14 and Mon 17.

I will not be reachable on the 11th and 12th. On the
other leave days I will see messages after 7 pm.
A has agreed to handle the 12 November deployment.
If the doctor postpones the surgery, I will write to
you the same day with new dates.
I have applied for these 5 days on the portal.
```

ಕನ್ನಡದ ಪ್ರತಿ:

"ವಿಷಯ: ನವೆಂಬರ್ 10ರ ಸೋಮವಾರದಿಂದ 13ರ ಗುರುವಾರದವರೆಗೆ ಮತ್ತು 18ರ ಮಂಗಳವಾರ ರಜೆ ಕೋರಿ.

ಮಾನ್ಯರೇ,

ನನ್ನ ತಾಯಿಯವರಿಗೆ ನವೆಂಬರ್ 11ರ ಮಂಗಳವಾರ ಶಿವಮೊಗ್ಗದಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇದೆ. ಅದಕ್ಕಾಗಿ 10ರ ಸೋಮವಾರದಿಂದ 13ರ ಗುರುವಾರ ಸೇರಿ ನಾಲ್ಕು ದಿನ, ಮರುತಪಾಸಣೆಗಾಗಿ 18ರ ಮಂಗಳವಾರ ಒಂದು ದಿನ ರಜೆ ಕೋರುತ್ತೇನೆ. ತಾವು ಒಪ್ಪಿದರೆ 14ರ ಶುಕ್ರವಾರ ಮತ್ತು 17ರ ಸೋಮವಾರ ಸಾಗರದ ಮನೆಯಿಂದಲೇ ಕೆಲಸ ಮಾಡುತ್ತೇನೆ.

11 ಮತ್ತು 12ರಂದು ನಾನು ಫೋನಿಗೆ ಸಿಗುವುದಿಲ್ಲ. ರಜೆಯ ಉಳಿದ ದಿನಗಳಲ್ಲಿ ಸಂಜೆ ಏಳರ ನಂತರ ಸಂದೇಶ ನೋಡುತ್ತೇನೆ. 12ರಂದು ನಾನು ಮಾಡಬೇಕಿದ್ದ ಕೆಲಸವನ್ನು ನನ್ನ ಸಹೋದ್ಯೋಗಿ ಮಾಡಲು ಒಪ್ಪಿದ್ದಾರೆ. ವೈದ್ಯರು ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರೆ ಅದೇ ದಿನ ಹೊಸ ದಿನಾಂಕ ತಿಳಿಸುತ್ತೇನೆ. ಈ ಐದು ದಿನಗಳ ರಜೆಯನ್ನು ಕಂಪನಿಯ ಪೋರ್ಟಲಿನಲ್ಲೂ ಹಾಕಿದ್ದೇನೆ."

ಅಪ್ಪ ಈಗ ಕೇಳಿದ್ದು ಎರಡೇ. "13ರವರೆಗೆ" ಅಂದಾಗ 13 ಸೇರತ್ತೋ ಇಲ್ವೋ ಅಂದ್ರು, ಅದಕ್ಕೆ "ಸೇರಿ" ಹಾಕಿದೆ. ಇಂಗ್ಲಿಷಲ್ಲೂ ಅದೇ ಅನುಮಾನ ಬರಬಾರದು ಅಂತ ಆವರಣದಲ್ಲಿ ದಿನದ ಲೆಕ್ಕ ಕೊಟ್ಟೆ. ಎರಡನೇದು, ಇಂಗ್ಲಿಷಲ್ಲಿ ಮ್ಯಾನೇಜರನ್ನ ಹೆಸರು ಹಿಡಿದು ಕರೆದಿದೀಯಲ್ಲ, ಕನ್ನಡದಲ್ಲಿ ಮಾತ್ರ ಮಾನ್ಯರೇ ಯಾಕೆ ಅಂದ್ರು. ನನ್ನನ್ನ ಸಮಾಧಾನ ಮಾಡೋಕೆ ಬರೆದಿದೀಯಾ ಅಂತ.

---

ಕಡತದ_ಕಾಕಾ | ಅಕ್ಟೋಬರ್ 26, ಮಧ್ಯಾಹ್ನ 12:00

ಮಾನ್ಯರೇ ಎಂದೇ ಇರಲಿ. ಮೇಲಧಿಕಾರಿಗೆ ಬರೆಯುವಾಗ ಕನ್ನಡದಲ್ಲಿ ಅದೇ ಸಂಬೋಧನೆ. ಇಂಗ್ಲಿಷಿನವರು ಏನಾದರೂ ಕರೆದುಕೊಳ್ಳಲಿ.

---

ಹುಬ್ಬಳ್ಳಿ_ಟು_ಹ್ಯೂಸ್ಟನ್ | ಅಕ್ಟೋಬರ್ 26, ರಾತ್ರಿ 7:30

ನಾ ಒಪ್ಪಂಗಿಲ್ಲ ಕಾಕಾರ. ಹುಡುಗ ಆಫೀಸ್‌ದಾಗ ಹೆಂಗ ಮಾತಾಡ್ತಾನ ಅನ್ನೋದು ಅಪ್ಪಗ ತಿಳೀಲಿ. ಇಂಗ್ಲಿಷ್‌ನ್ಯಾಗ ಹೆಸರು, ಕನ್ನಡದಾಗ ಮಾನ್ಯರೇ ಅಂದ್ರ ಅದು ಪ್ರತಿ ಅಲ್ಲ, ನಾಟಕ. ಹೆಸರಿನ ಮುಂದ "ಅವರೇ" ಅಂತ ಹಚ್ಚಿದ್ರ ಸಾಕು, ನಡಕಿನ ದಾರಿ.

---

ಪದ್ಮಾ_ವೈಟ್‌ಫೀಲ್ಡ್ | ಅಕ್ಟೋಬರ್ 26, ರಾತ್ರಿ 8:10

ಇದನ್ನ ನಾನಾದ್ರೆ ಎರಡು ನಿಮಿಷದಲ್ಲಿ ಒಪ್ಪಿರ್ತಿದ್ದೆ. ಒಂದೇ ತಿದ್ದುಪಡಿ: 12ರ ಕೆಲಸ ನೋಡೋರಿಗೂ ಇದೇ ಮೇಲ್ ಪ್ರತಿ ಹೋಗಲಿ. ಒಪ್ಪಿದಾರೆ ಅಂತ ನೀವು ಬರೆದ್ರೆ ಸಾಲದು, ಅವರ ಕಣ್ಣಿಗೂ ಬೀಳ್ಬೇಕು. ಕ್ಯಾಲೆಂಡರಲ್ಲೂ ಐದು ದಿನ ಗುರುತು ಹಾಕಿ, ಇಲ್ಲದಿದ್ರೆ ನಿಮಗೆ 11ಕ್ಕೇ ಯಾರಾದ್ರೂ ಮೀಟಿಂಗ್ ಇಡ್ತಾರೆ.

---

ಕಣ್ಣಾಸ್ಪತ್ರೆ_ಕೌಂಟರ್ | ಅಕ್ಟೋಬರ್ 26, ರಾತ್ರಿ 9:00

ಎಡಗಣ್ಣೂ ಮಾಡಿಸ್ಬೇಕು ಅಂದಿದಾರಾ? ಹಾಗಿದ್ರೆ ಕೆಲವು ವಾರ ಬಿಟ್ಟು ಮತ್ತೆ ಇದೇ ಮೂರು ದಿನ ಬೇಕಾಗತ್ತೆ. ಇರೋ ರಜೆಯನ್ನೆಲ್ಲ ಈಗಲೇ ಖರ್ಚು ಮಾಡದೆ ಇದ್ದಿದ್ದು ಒಳ್ಳೇದಾಯ್ತು. ಆಪರೇಷನ್ ಆದ ಮೇಲೆ ಅಮ್ಮನಿಗೆ ನೋವು ಜಾಸ್ತಿ ಆಗ್ತಾ ಹೋದ್ರೆ, ಕೆಂಪಗಾದ್ರೆ, ಕಾಣ್ತಿದ್ದಿದ್ದು ಮಂಜಾದ್ರೆ 18ರವರೆಗೆ ಕಾಯಬೇಡಿ ಅಂತ ಅಪ್ಪನಿಗೆ ಹೇಳಿರಿ. ಅವತ್ತೇ ಕರ್ಕೊಂಡು ಬರ್ಬೇಕು.

---

ಸಾಗರದ_ಸುಬ್ಬ | ಅಕ್ಟೋಬರ್ 27, ಸಂಜೆ 6:45

ಬೆಳಿಗ್ಗೆ ಕಳಿಸಿದೆ. ಪೋರ್ಟಲ್ ಐದೇ ದಿನ ತೋರಿಸ್ತು. ಮೊದಲಿನ ಥರ 10ರಿಂದ 18 ಅಂತ ಹಾಕಿ ನೋಡಿದ್ರೆ ಒಂಬತ್ತು ತೋರಿಸ್ತಿತ್ತು, ಅಂದ್ರೆ ನಮ್ಮಲ್ಲೂ ಆ ಸ್ಯಾಂಡ್‌ವಿಚ್ ಇದೆ ಮಾದೇಶಣ್ಣ.

ಅಪ್ಪ ಎರಡೂ ಪ್ರತಿ ಪ್ರಿಂಟ್ ಹಾಕಿಸಿ, ಮೇಲೆ "ಕಚೇರಿ ಪ್ರತಿ" ಅಂತ ಬರೆದು ಆಸ್ಪತ್ರೆ ಫೈಲಿಗೆ ಸೇರಿಸಿದಾರೆ. ಆಮೇಲೆ "ಮಂಜೂರಾತಿ ಆದೇಶ ಎಲ್ಲಿ?" ಅಂದ್ರು. ಮಧ್ಯಾಹ್ನ ಉತ್ತರ ಬಂತು, ಒಂದೇ ಸಾಲು:

```
Approved. WFH is fine. Take care.
```

ನಾನು ಬಸ್ಸಲ್ಲಿ ಇದ್ದೆ, ಅವಸರದಲ್ಲಿ "ಮಂಜೂರಾಗಿದೆ. ಮನೆಯಿಂದ ಕೆಲಸಕ್ಕೆ ಒಪ್ಪಿಗೆ. ಹುಷಾರು." ಅಂತ ಕಳಿಸಿದೆ. ತಕ್ಷಣ ಫೋನು: "ಹುಷಾರು ಅಂತ ಯಾಕೋ ಹೇಳಿದಾರೆ, ಹೆದರಿಸ್ತಿದಾರಾ?"

---

ಹುಬ್ಬಳ್ಳಿ_ಟು_ಹ್ಯೂಸ್ಟನ್ | ಅಕ್ಟೋಬರ್ 27, ರಾತ್ರಿ 8:00

ನಕ್ಕ ನಕ್ಕ ಹೊಟ್ಟಿ ನೋಯಾಕತ್ತೇತಿ.

---

ಕಡತದ_ಕಾಕಾ | ಅಕ್ಟೋಬರ್ 27, ರಾತ್ರಿ 8:20

"ತಾಯಿಯವರನ್ನು ಚೆನ್ನಾಗಿ ನೋಡಿಕೊಳ್ಳಿ" ಎಂದು ತಿದ್ದಿ ಕಳಿಸಿ. ಮತ್ತು ಹಳೆಯದನ್ನು ಫೈಲಿನಿಂದ ತೆಗೆಸಿ.